ಕನ್ನಡದ ಕರಡು, ಯಂತ್ರದ ಇಂಗ್ಲಿಷು, ಎರಡು ಶೇಕಡಾ

ಸ್ವಂತ ಬರಹವನ್ನು ಅನುವಾದ ಯಂತ್ರಕ್ಕೆ ಹಾಕಿ ತೆಗೆದರೆ ಸಾಮ್ಯತೆ ವರದಿಯೂ ಬದಲಾಗುತ್ತದೆ, ಎಐ ವರದಿಯೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಬರೆದವರ ವಿಚಾರ ಮಾತ್ರ. ಅದನ್ನು ಅಳೆಯುವ ಯಂತ್ರ ಇವೆರಡರಲ್ಲಿ ಯಾವುದೂ ಅಲ್ಲ.

ಥೀಸಿಸ್ ಒಪ್ಪಿಸುವ ದಿನ ಹತ್ತಿರವಾದಂತೆ ಸಂಶೋಧನಾ ವಿದ್ಯಾರ್ಥಿಗಳ ಮಾತು ಎರಡು ಸಂಖ್ಯೆಗಳ ಸುತ್ತಲೇ ತಿರುಗತೊಡಗುತ್ತದೆ. ‘ಸಿಮಿಲಾರಿಟಿ ಎಷ್ಟು ಬಂತು?’ ಎಂಬುದು ಹಳೆಯ ಪ್ರಶ್ನೆ. ‘ಎಐ ಎಷ್ಟು ತೋರಿಸ್ತು?’ ಎಂಬುದು 2023ರಿಂದೀಚೆಗೆ ಸೇರಿಕೊಂಡದ್ದು. ಇತಿಹಾಸ, ಸಮಾಜಶಾಸ್ತ್ರ, ಶಿಕ್ಷಣ, ಗ್ರಾಮೀಣಾಭಿವೃದ್ಧಿಯಂಥ ವಿಭಾಗಗಳಲ್ಲಿ ಕನ್ನಡದಲ್ಲೇ ಯೋಚಿಸಿ, ಮೊದಲ ಕರಡನ್ನು ಕನ್ನಡದಲ್ಲೇ ಬರೆದು, ಆಮೇಲೆ ಇಂಗ್ಲಿಷಿಗೆ ದಾಟಿಸುವವರು ಇದ್ದಾರೆ. ಹಿಂದೆ ಈ ದಾಟಿಸುವ ಕೆಲಸಕ್ಕೆ ಇಂಗ್ಲಿಷ್ ಬಲ್ಲ ಸ್ನೇಹಿತರೋ ಹಣ ಪಡೆಯುವ ಅನುವಾದಕರೋ ಬೇಕಾಗುತ್ತಿದ್ದರು. ಈಗ ಗೂಗಲ್ ಟ್ರಾನ್ಸ್‌ಲೇಟ್ ಇದೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2 ಇದೆ, ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳಿವೆ.

ಹೀಗೆ ದಾಟಿದ ಅಧ್ಯಾಯವನ್ನು ತಪಾಸಣೆಗೆ ಕೊಟ್ಟಾಗ ಅನೇಕರು ಗಲಿಬಿಲಿಗೊಳ್ಳುತ್ತಾರೆ. ಕನ್ನಡದಲ್ಲಿದ್ದಾಗ ಸೊನ್ನೆಯ ಹತ್ತಿರವಿದ್ದ ಸಾಮ್ಯತೆ ಇಂಗ್ಲಿಷಿನಲ್ಲಿ ಎರಡಂಕಿಗೆ ಏರಿರುತ್ತದೆ. ಯಾವ ಚಾಟ್‌ಬಾಟನ್ನೂ ಮುಟ್ಟದೆ ಬರೆದದ್ದಕ್ಕೆ ಎಐ ಬರಹವೆಂಬ ಗುರುತು ಬಿದ್ದಿರುತ್ತದೆ. ಇದು ಹೇಗಾಗುತ್ತದೆ ಎಂದು ತಿಳಿಯಬೇಕಾದರೆ ಒಂದು ಅಧ್ಯಾಯವನ್ನು ಮುಂದಿಟ್ಟುಕೊಂಡು ಹಂತಹಂತವಾಗಿ ನೋಡುವುದು ಒಳ್ಳೆಯದು. ಹಳೆ ಮೈಸೂರು ಸೀಮೆಯ ಕೆರೆ ನಿರ್ವಹಣೆಯ ಬಗ್ಗೆ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿ ಒಂದು ಅಧ್ಯಾಯ ಬರೆದಿದ್ದಾಳೆ ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿನಿಯೂ ಅಧ್ಯಾಯವೂ ಉದಾಹರಣೆಗೆ ಕಟ್ಟಿಕೊಂಡದ್ದು. ಅದು ಹಾದುಹೋಗುವ ಹಂತಗಳು ಮಾತ್ರ ನಿಜವಾದವು.

ಎರಡು ತಪಾಸಣೆ, ಎರಡು ಪ್ರಶ್ನೆ

ಸಾಮ್ಯತೆ ಪರೀಕ್ಷಿಸುವ ತಂತ್ರಾಂಶ ಕೇಳುವುದು ಒಂದೇ ಪ್ರಶ್ನೆ: ಈ ಪದಗಳು ಇದೇ ಸಾಲಿನಲ್ಲಿ ನನ್ನ ಸಂಗ್ರಹದಲ್ಲಿ ಬೇರೆಲ್ಲಾದರೂ ಇವೆಯೇ? ಬರಹವನ್ನು ಅದು ಸಣ್ಣ ಸಣ್ಣ ಪದಸರಣಿಗಳಾಗಿ ಕತ್ತರಿಸಿ ಅಂತರ್ಜಾಲದ ಪುಟ, ಪತ್ರಿಕೆ, ಹಳೆಯ ಥೀಸಿಸ್‌ಗಳ ಜೊತೆ ತಾಳೆ ನೋಡುತ್ತದೆ. ಹೊಂದಿದ ಪದಗಳು ಒಟ್ಟು ಪದಗಳಲ್ಲಿ ಎಷ್ಟು ಪಾಲು ಎಂಬುದೇ ವರದಿಯ ಶೇಕಡಾ. ಕದ್ದದ್ದೋ, ಕಾಕತಾಳೀಯವೋ, ಉದ್ಧರಣೆಯೋ ಎಂಬುದು ಅದಕ್ಕೆ ತಿಳಿಯದು.

ನಮ್ಮ ದೇಶದಲ್ಲಿ ಈ ಸಂಖ್ಯೆಗೆ ಕಾನೂನಿನ ತೂಕ ಕೊಟ್ಟದ್ದು ಯುಜಿಸಿಯ 2018ರ ನಿಯಮಾವಳಿ. ಸಾಮ್ಯತೆ ಶೇ 10ರವರೆಗಿದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದೇ ನಿಯಮಾವಳಿ ಕೆಲವನ್ನು ಲೆಕ್ಕದಿಂದ ಹೊರಗಿಡಬೇಕೆಂದೂ ಹೇಳುತ್ತದೆ: ಮೂಲ ಹೇಳಿ ಉದ್ಧರಿಸಿದ ಭಾಗ, ಪರಾಮರ್ಶನ ಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಸಾಮಾನ್ಯ ಪಾರಿಭಾಷಿಕಗಳು, ಕಾನೂನಿನ ಪಠ್ಯ, ಸಮೀಕರಣಗಳು. ಸತತ 14 ಪದಗಳವರೆಗಿನ ಕಾಕತಾಳೀಯ ಹೊಂದಿಕೆಗೂ ವಿನಾಯಿತಿ ಇದೆ.

ಎಐ ಡಿಟೆಕ್ಟರ್ ಕೇಳುವ ಪ್ರಶ್ನೆ ಬೇರೆ: ಈ ಪದಗಳ ಆಯ್ಕೆ ಯಂತ್ರ ಮಾಡುವ ಆಯ್ಕೆಯಂತೆ ಇದೆಯೇ? ಅದು ಯಾವ ಸಂಗ್ರಹದಲ್ಲೂ ಹುಡುಕುವುದಿಲ್ಲ, ಯಾವ ಮೂಲವನ್ನೂ ತೋರಿಸುವುದಿಲ್ಲ. ವಾಕ್ಯಗಳ ನಡಿಗೆ ನೋಡಿ ಒಂದು ಸಂಭಾವ್ಯತೆ ಹೇಳುತ್ತದೆ, ಅಷ್ಟೆ. ಟರ್ನಿಟಿನ್ ಸಂಸ್ಥೆ ತನ್ನ ಎಐ ಪತ್ತೆ ಸೌಲಭ್ಯವನ್ನು ಹೊರತಂದದ್ದು 2023ರ ಏಪ್ರಿಲ್‌ನಲ್ಲಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಯುಜಿಸಿ ನಿಯಮಾವಳಿ ಇವೆರಡಕ್ಕಿಂತ ಹಿಂದಿನದು. ಅಂದರೆ 10, 40, 60ರ ಗೆರೆಗಳನ್ನು ಎಳೆದದ್ದು ಸಾಮ್ಯತೆಗೆ ಮಾತ್ರ. ‘ಎಐ ಶೇ 10ಕ್ಕಿಂತ ಹೆಚ್ಚು ಬಂದಿದೆ, ನಿಯಮ ಮೀರಿದೆ’ ಎಂದು ಯಾರಾದರೂ ಹೇಳಿದರೆ, ಅವರು ಒಂದು ಅಳತೆಗೋಲಿನ ಗೆರೆಯನ್ನು ಇನ್ನೊಂದರ ಮೇಲೆ ಗೀಚುತ್ತಿದ್ದಾರೆ.

ಕನ್ನಡದಲ್ಲಿ ಸೊನ್ನೆ ಬಂದದ್ದು ಹೇಗೆ?

ಮೊದಲು ಕನ್ನಡ ಕರಡನ್ನೇ ಸಾಮ್ಯತೆ ತಪಾಸಣೆಗೆ ಕೊಟ್ಟರೆ ಏನಾಗುತ್ತದೆ ನೋಡೋಣ. ವಿದ್ಯಾರ್ಥಿನಿ ಅದನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದಾಳೆ. ಪರದೆಯ ಮೇಲೆ ಅಕ್ಷರಗಳು ಮುದ್ದಾಗಿ ಕಾಣುತ್ತವೆ. ಆದರೆ ಫೈಲಿನೊಳಗೆ ‘ಕನ್ನಡ’ ಎಂಬ ಪದ ಕುಳಿತಿರುವುದು ಹೀಗೆ:

```
PÀ£ÀßqÀ
```

ಈ ಫಾಂಟುಗಳು ಯೂನಿಕೋಡ್ ಅಲ್ಲ. ರೋಮನ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರ ಕೂರಿಸಿದಂಥವು. ತಪಾಸಣೆಯ ತಂತ್ರಾಂಶ ಫಾಂಟನ್ನು ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. ಕನ್ನಡ ವಿಕಿಪೀಡಿಯದಲ್ಲೋ ಪತ್ರಿಕೆಯ ಜಾಲತಾಣದಲ್ಲೋ ಅದೇ ವಾಕ್ಯ ಯೂನಿಕೋಡಿನಲ್ಲಿ ಇದ್ದರೂ ಎರಡೂ ಹೊಂದುವುದಿಲ್ಲ. ಇಡೀ ಪುಟ ನಕಲಾಗಿದ್ದರೂ ವರದಿ ಸೊನ್ನೆ ತೋರಿಸಬಹುದು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರಂತೂ ಓದಲು ಪಠ್ಯವೇ ಇರುವುದಿಲ್ಲ.

ಕರಡು ಯೂನಿಕೋಡಿನಲ್ಲೇ ಇದ್ದರೂ ಕನ್ನಡದ ಸಾಮ್ಯತೆ ಸಹಜವಾಗಿಯೇ ಕಡಿಮೆ ಬರುತ್ತದೆ. ತಾಳೆ ನೋಡಲು ಅಂತರ್ಜಾಲದಲ್ಲಿರುವ ಕನ್ನಡ ಪಠ್ಯ ಇಂಗ್ಲಿಷಿನ ಮುಂದೆ ತೀರ ಸ್ವಲ್ಪ. ಜೊತೆಗೆ ವಿಭಕ್ತಿ ಪ್ರತ್ಯಯ, ಸಂಧಿಗಳಿಂದ ಪದಗಳ ರೂಪ ಸುಲಭವಾಗಿ ಬದಲಾಗುತ್ತದೆ. ‘ಕೆರೆಯ ನೀರನ್ನು ಹಂಚುವವನು’ ಎಂಬುದು ‘ಕೆರೆನೀರು ಹಂಚುತ್ತಿದ್ದವನು’ ಎಂದಾದರೆ ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ತಾಳೆ ನೋಡುವ ಯಂತ್ರದ ಕಣ್ಣಿಗೆ ಮೂರು ಪದಗಳಲ್ಲಿ ಒಂದೂ ಹೊಂದಲಿಲ್ಲ. ಹೀಗಾಗಿ ಕನ್ನಡದ ಸೊನ್ನೆ ಪ್ರಾಮಾಣಿಕತೆಯ ಪುರಾವೆಯಲ್ಲ. ಹುಡುಕಲು ಬೇಕಾದದ್ದು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ.

ಎಐ ತಪಾಸಣೆಯ ಕಥೆಯೂ ಇಲ್ಲಿ ಹೀಗೇ. ಟರ್ನಿಟಿನ್‌ನ ಎಐ ವರದಿ ಮೊದಲು ಇಂಗ್ಲಿಷಿಗೆ ಬಂತು, ಆಮೇಲೆ ಸ್ಪ್ಯಾನಿಷ್, ಜಪಾನೀಸ್ ಭಾಷೆಗಳಿಗೆ. ಇಂಗ್ಲಿಷಿಗಾಗಿ ಮಾಡಿದ ಉಚಿತ ಡಿಟೆಕ್ಟರಿಗೆ ಕನ್ನಡ ಪಠ್ಯ ಅಂಟಿಸಿದರೆ ಅದು ಏನಾದರೊಂದು ಶೇಕಡಾ ಹೇಳಬಹುದು. ಕನ್ನಡ ಬರಹದ ಮಟ್ಟಿಗೆ ಆ ಸಂಖ್ಯೆಗೆ ಅರ್ಥವಿಲ್ಲ.

ಇಂಗ್ಲಿಷಿಗೆ ಬಂದೊಡನೆ ಏರುವ ಸಾಮ್ಯತೆ

ಈಗ ನಮ್ಮ ವಿದ್ಯಾರ್ಥಿನಿ ನುಡಿ ಫೈಲನ್ನು ಯೂನಿಕೋಡಿಗೆ ಪರಿವರ್ತಿಸುತ್ತಾಳೆ. ಅನುವಾದ ಯಂತ್ರಕ್ಕೆ ಯೂನಿಕೋಡೇ ಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ. ಅವನ್ನು ಸರಿಪಡಿಸದಿದ್ದರೆ ಅನುವಾದದಲ್ಲಿ ಆ ವಾಕ್ಯವೇ ಬೇರೇನೋ ಆಗಿಬಿಡುತ್ತದೆ. ಆಮೇಲೆ ಅಧ್ಯಾಯವನ್ನು ಯಂತ್ರಕ್ಕೆ ಕೊಟ್ಟು ಇಂಗ್ಲಿಷ್ ತೆಗೆಯುತ್ತಾಳೆ. ಕನ್ನಡದ ಒಂದು ಪದದೊಳಗೆ ಅಡಗಿರುವುದನ್ನು ಹೇಳಲು ಇಂಗ್ಲಿಷಿಗೆ ಎರಡು ಮೂರು ಪದ ಬೇಕಾಗುವುದರಿಂದ ಪದಸಂಖ್ಯೆ ಹಿಗ್ಗುತ್ತದೆ. ಲೆಕ್ಕಕ್ಕೆ ಇಂಗ್ಲಿಷಿನಲ್ಲಿ 4,200 ಪದಗಳಾದವು ಎನ್ನೋಣ.

ಇವುಗಳಲ್ಲಿ ಹೊಂದಿಕೆ ಬರುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಪರಾಮರ್ಶನ ಪಟ್ಟಿ. ಅವಳು ಉಲ್ಲೇಖಿಸಿದ ಇಂಗ್ಲಿಷ್ ಪುಸ್ತಕಗಳನ್ನೇ ಇತರರ ನೂರಾರು ಥೀಸಿಸ್‌ಗಳೂ ಉಲ್ಲೇಖಿಸಿವೆ, ಹೊಂದಿಕೆ ಸಹಜ. ಸಾಮಾನ್ಯವಾಗಿ ತಂತ್ರಾಂಶ ಈ ಪಟ್ಟಿಯನ್ನು ತಾನೇ ಬಿಟ್ಟುಬಿಡಬಲ್ಲದು. ಆದರೆ ಅದು ಪಟ್ಟಿಯನ್ನು ಗುರುತಿಸುವುದು ತಲೆಬರಹದಿಂದ: ರೆಫರೆನ್ಸಸ್, ಬಿಬ್ಲಿಯಾಗ್ರಫಿ, ವರ್ಕ್ಸ್ ಸೈಟೆಡ್ ಮುಂತಾದ ರೂಢಿಯ ಹೆಸರುಗಳಿಂದ. ಅವಳ ‘ಆಕರ ಗ್ರಂಥಗಳು’ ಯಂತ್ರದ ಕೈಯಲ್ಲಿ ‘ಸೋರ್ಸ್ ಟೆಕ್ಸ್ಟ್ಸ್’ ಆಗಿದ್ದರೆ ತಂತ್ರಾಂಶಕ್ಕೆ ಅದು ಪಟ್ಟಿಯೆಂದು ಹೊಳೆಯದೆ ಹೋಗಬಹುದು. ಆಗ ಇಡೀ ಪಟ್ಟಿ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಕಾನೂನಿನ ಪಠ್ಯ. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿ ಇದೆ. ಅದರ ಮೂರನೆಯ ಬಾಬು ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಜಲಾನಯನ ಅಭಿವೃದ್ಧಿ. ಕೆರೆಯ ಬಗ್ಗೆ ಬರೆಯುವವರು ಇದನ್ನು ಉಲ್ಲೇಖಿಸದೆ ಮುಂದೆ ಹೋಗುವುದು ಕಷ್ಟ. ವಿದ್ಯಾರ್ಥಿನಿ ಕನ್ನಡದಲ್ಲಿ ಬರೆದಿದ್ದಾಳೆ. ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಸಂವಿಧಾನದ ಮೂಲ ಇಂಗ್ಲಿಷ್ ಪದಗಳೇ ಬಹುಪಾಲು ಮರಳಿ ಬರುತ್ತವೆ. ಅಂಥ ಸರ್ಕಾರಿ ಪಠ್ಯಗಳ ಜೋಡಿ ಅನುವಾದಗಳನ್ನು ಓದಿಯೂ ಯಂತ್ರ ಕನ್ನಡ ಕಲಿತಿದೆ. ಯುಜಿಸಿ ಪ್ರಕಾರ ಕಾನೂನು ಲೆಕ್ಕದಿಂದ ಹೊರಗೆ. ಆದರೆ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಇದು ಕಾನೂನು ಎಂದು ತಂತ್ರಾಂಶಕ್ಕೆ ಹೇಳುವವರು ಯಾರು?

ಮೂರನೆಯದು ಸವಕಲು ನುಡಿಗಟ್ಟು. ಕನ್ನಡದಲ್ಲಿ ಅವಳು ಹತ್ತು ಬಗೆಯಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ‘ಪ್ಲೇಡ್ ಆನ್ ಇಂಪಾರ್ಟೆಂಟ್ ರೋಲ್ ಇನ್’, ‘ಆನ್ ದಿ ಬೇಸಿಸ್ ಆಫ್ ದಿಸ್ ಸ್ಟಡಿ’ ಎಂಬಂಥ ಕೆಲವೇ ಅಚ್ಚುಗಳಿಗೆ ಇಳಿಯುತ್ತದೆ. ಅಂಥ ಐದಾರು ಪದಗಳ ಸರಣಿಗಳು ಕೋಟ್ಯಂತರ ಪುಟಗಳಲ್ಲಿ ಸಿಗುತ್ತವೆ.

ಈಗ ಲೆಕ್ಕ. ಪಟ್ಟಿಯಲ್ಲಿ 400 ಪದ, ಕಾನೂನಿನಲ್ಲಿ 150, ನುಡಿಗಟ್ಟುಗಳಲ್ಲಿ 120, ಒಟ್ಟು 670 ಪದ ಹೊಂದಿದವು ಎನ್ನೋಣ. 4,200ರಲ್ಲಿ ಅದು ಸುಮಾರು ಶೇ 16. ಯುಜಿಸಿಯ ಮೊದಲ ದಂಡದ ಮಟ್ಟ ದಾಟಿತು. ತಲೆಬರಹವನ್ನು ‘ರೆಫರೆನ್ಸಸ್’ ಎಂದು ತಿದ್ದಿ ಪಟ್ಟಿಯನ್ನು ಬಿಡಿಸಿದರೆ ಉಳಿಯುವುದು 270 ಪದ, ಒಟ್ಟು ಪದಸಂಖ್ಯೆಯನ್ನು ಬದಲಿಸದಿದ್ದರೂ ಶೇ 6.4. ಕಾನೂನಿನ ಸಾಲುಗಳನ್ನು ಮೂಲ ಇಂಗ್ಲಿಷಿನಿಂದಲೇ ತೆಗೆದು, ಉದ್ಧರಣ ಚಿಹ್ನೆಯೊಳಗಿಟ್ಟು, ಮೂಲ ಹೇಳಿದರೆ 120 ಪದ, ಶೇ 3ಕ್ಕಿಂತ ಕಡಿಮೆ. ವಿಚಾರವನ್ನು ಕೂದಲೆಳೆಯಷ್ಟೂ ಬದಲಿಸದೆ 16 ಹೋಗಿ 3 ಆಯಿತು. ತಮ್ಮ ವರದಿಯಲ್ಲಿ ಎರಡಂಕಿ ನೋಡಿದವರು ಮೊದಲು ನೋಡಬೇಕಾದದ್ದು ಬಣ್ಣ ಬಳಿದ ಸಾಲುಗಳು ಎಲ್ಲಿವೆ ಎಂಬುದನ್ನು, ಶೇಕಡಾವನ್ನು ಅಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಕನ್ನಡದಲ್ಲಿ ನೇರ ನಕಲು ಮಾಡಿದವರಿಗೂ ಅನುವಾದ ಆಶ್ರಯ ಕೊಡುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಸಂಗ್ರಹದಲ್ಲಿರುವ ಒಂದು ಕನ್ನಡ ಮಹಾಪ್ರಬಂಧದ ಅಧ್ಯಾಯವನ್ನು ಎತ್ತಿ ಯಂತ್ರಕ್ಕೆ ಹಾಕಿದರೆ ಬರುವ ಇಂಗ್ಲಿಷ್ ಎಲ್ಲೂ ಪ್ರಕಟವಾಗಿಲ್ಲ. ಪದ ತಾಳೆ ನೋಡುವ ತಂತ್ರಾಂಶದ ಮಟ್ಟಿಗೆ ಅದು ಹೊಚ್ಚ ಹೊಸದು. ಪ್ರಾಮಾಣಿಕರ ಸಾಮ್ಯತೆಯನ್ನು ಏರಿಸಿದ ಅದೇ ಅನುವಾದ ಕಳ್ಳರ ಸಾಮ್ಯತೆಯನ್ನು ಅಳಿಸಿಹಾಕುತ್ತದೆ.

ಎಐ ಸಂಖ್ಯೆ ಏರುವುದೇಕೆ?

ವಿದ್ಯಾರ್ಥಿನಿಯ ಕರಡಿನಲ್ಲಿ ಈ ಸಾಲುಗಳಿವೆ:

‘ಕೆರೆ ಕೋಡಿ ಬಿತ್ತೆಂದರೆ ನೀರುಗಂಟಿಗೆ ನಿದ್ದೆಯಿಲ್ಲ. ತೂಬು ಎತ್ತುವವನೂ ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಗೊತ್ತುಮಾಡುವವನೂ ಅವನೇ. ಕೊಯ್ಲಾಗಿ ಕಣ ತುಂಬಿದಾಗ ಮೊದಲು ಅಳೆಯುವುದು ಅವನ ಪಾಲು. ಮನೆಗೆ ಹೋಗುವುದು ಆಮೇಲಿನದು.’

ನಾಲ್ಕು ವಾಕ್ಯ, ನಾಲ್ಕು ಬಗೆಯ ನಡಿಗೆ. ಹಳೆಯ ಬಗೆಯ ಅನುವಾದ ಯಂತ್ರ ಇದನ್ನು ವಾಕ್ಯಕ್ಕೆ ವಾಕ್ಯವಾಗಿ ತಿರುಗಿಸಿ, ಕೋಡಿಯಲ್ಲೋ ತೂಬಿನಲ್ಲೋ ಎಡವುತ್ತದೆ. ದೊಡ್ಡ ಭಾಷಾ ಮಾದರಿಗೆ ‘ಅಕಾಡೆಮಿಕ್ ಇಂಗ್ಲಿಷಿಗೆ ಅನುವಾದಿಸು’ ಎಂದು ಹೇಳಿದರೆ ಬರುವುದರ ತಿರುಳು ಹೀಗಿರುತ್ತದೆ: ‘ಗ್ರಾಮದ ನೀರಾವರಿ ವ್ಯವಸ್ಥೆಯ ನಿರ್ವಹಣೆಯಲ್ಲಿ ನೀರುಗಂಟಿಯು ಮಹತ್ವದ ಪಾತ್ರ ವಹಿಸುತ್ತಿದ್ದನು. ಆತನು ತೂಬಿನ ಕಾರ್ಯಾಚರಣೆ ಹಾಗೂ ನೀರಿನ ನ್ಯಾಯಯುತ ಹಂಚಿಕೆಯ ಹೊಣೆ ಹೊತ್ತಿದ್ದನು. ಇದಲ್ಲದೆ, ಸುಗ್ಗಿಯ ನಂತರ ಆತನಿಗೆ ಧಾನ್ಯದ ಪಾಲು ದೊರೆಯುತ್ತಿತ್ತು.’ ಹುರುಳು ಬಹುಮಟ್ಟಿಗೆ ಬಂತು. ಆದರೆ ನಿದ್ದೆಗೆಟ್ಟ ನೀರುಗಂಟಿ ಹೋಗಿ ‘ಮಹತ್ವದ ಪಾತ್ರ’ ಬಂತು. ವಾಕ್ಯಗಳು ಸಮ ಉದ್ದದವಾದವು. ಕರಡಿನಲ್ಲಿಲ್ಲದ ‘ನ್ಯಾಯಯುತ’ ಎಂಬ ಮೌಲ್ಯದ ಮಾತು ನುಸುಳಿತು. ಎಲ್ಲರಿಗಿಂತ ಮೊದಲು ಅವನ ಪಾಲು ಅಳೆಯುತ್ತಿದ್ದರು ಎಂಬ, ಇತಿಹಾಸಕಾರರಿಗೆ ಬೇಕಾದ ವಿವರವೇ ಕಳೆದುಹೋಯಿತು.

ಡಿಟೆಕ್ಟರ್ ಹಿಡಿಯುವುದು ಈ ಸಮತಟ್ಟನ್ನೇ. ಅದರ ಹಿಂದಿನ ಮೂಲ ಯೋಚನೆ ಸರಳ: ಒಂದೊಂದು ಪದ ಬಂದಾಗಲೂ, ಇಲ್ಲಿಯವರೆಗಿನ ಸಾಲು ನೋಡಿ ಇದೇ ಪದ ಬರುತ್ತದೆಂದು ಎಷ್ಟು ಸುಲಭವಾಗಿ ಊಹಿಸಬಹುದಿತ್ತು ಎಂದು ಅಳೆಯುವುದು. ‘ನೀರುಗಂಟಿಗೆ’ ಆದಮೇಲೆ ‘ನಿದ್ದೆಯಿಲ್ಲ’ ಎಂದು ಯಾರೂ ಊಹಿಸರು. ‘ಮಹತ್ವದ ಪಾತ್ರ’ ಆದಮೇಲೆ ‘ವಹಿಸುತ್ತಿದ್ದನು’ ಎಂದು ಯಾರಾದರೂ ಊಹಿಸಿಯಾರು. ಊಹೆಗೆ ಸುಲಭವಾದ ಪದಗಳೇ ಸಾಲುಸಾಲಾಗಿ ಬಂದು, ವಾಕ್ಯಗಳ ಏರಿಳಿತವೂ ಕಡಿಮೆಯಿದ್ದರೆ ಬರಹ ಯಂತ್ರದ್ದೆಂಬ ಅನುಮಾನ ಹೆಚ್ಚುತ್ತದೆ. 2023ರ ಜನವರಿಯಲ್ಲಿ ಬಂದ ಜಿಪಿಟಿಜೀರೊ ಎಂಬ ಡಿಟೆಕ್ಟರ್ ಶುರುವಾದದ್ದು ಈ ಎರಡು ಅಳತೆಗಳಿಂದಲೇ. ಇಂದಿನ ವಾಣಿಜ್ಯ ಡಿಟೆಕ್ಟರುಗಳು ಮನುಷ್ಯರ ಮತ್ತು ಯಂತ್ರದ ಬರಹಗಳ ಅಪಾರ ಮಾದರಿಗಳ ಮೇಲೆ ಪಳಗಿದ ಸಂಕೀರ್ಣ ವ್ಯವಸ್ಥೆಗಳು. ಆದರೂ ಅವು ನೋಡುವುದು ಪದಗಳ ಆಯ್ಕೆಯನ್ನೇ.

ಅನುವಾದ ಯಂತ್ರ ಕೆಲಸ ಮಾಡುವ ರೀತಿಯೂ ಇದೇ. ಕನ್ನಡ ವಾಕ್ಯ ಕೊಟ್ಟರೆ, ಕಲಿತ ಜೋಡಿ ಪಠ್ಯಗಳ ಆಧಾರದ ಮೇಲೆ, ಮುಂದೆ ಬರುವ ಸಂಭವ ಅತಿ ಹೆಚ್ಚಾಗಿರುವ ಇಂಗ್ಲಿಷ್ ಪದಸರಣಿಯನ್ನು ಅದು ಆರಿಸುತ್ತದೆ. ಅಪರೂಪದ ಪದ ಅದಕ್ಕೆ ಅಪಾಯ, ಬಳಕೆಯ ಪದ ಸುರಕ್ಷಿತ. ಯಂತ್ರಾನುವಾದದಲ್ಲಿ ಪದವೈವಿಧ್ಯ ಕುಗ್ಗುತ್ತದೆ, ಹೆಚ್ಚು ಬಳಕೆಯ ರೂಪಗಳು ಇನ್ನೂ ಹೆಚ್ಚಾಗುತ್ತವೆ ಎಂಬುದನ್ನು ಐರೋಪ್ಯ ಸಂಶೋಧಕರು ಚಾಟ್‌ಜಿಪಿಟಿಗೆ ಮುಂಚೆಯೇ ತೋರಿಸಿದ್ದರು. ಸಂಭವವನ್ನು ಗರಿಷ್ಠಗೊಳಿಸುವ ಯಂತ್ರದ ಬರಹವನ್ನು ಸಂಭವ ಅಳೆಯುವ ಯಂತ್ರದ ಮುಂದಿಟ್ಟರೆ ಅದು ‘ನಮ್ಮವರದ್ದೇ’ ಎನ್ನದೆ ಇನ್ನೇನು ಹೇಳೀತು? ಹಾಗೆ ನೋಡಿದರೆ ಡಿಟೆಕ್ಟರ್ ಸುಳ್ಳನ್ನೇನೂ ಹೇಳುತ್ತಿಲ್ಲ. ಆ ಇಂಗ್ಲಿಷ್ ಪದಗಳನ್ನು ಆರಿಸಿದ್ದು ಯಂತ್ರವೇ. ಎಡವಟ್ಟಾಗುವುದು ‘ಪದ ಯಂತ್ರದ್ದು’ ಎಂಬುದನ್ನು ನಾವು ‘ವಿಚಾರ ಯಂತ್ರದ್ದು’ ಎಂದು ಓದಿಕೊಂಡಾಗ.

ಪರೀಕ್ಷಿಸಿದವರು ಕಂಡದ್ದು

ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೊಂದಿದೆ. ಜರ್ಮನಿಯ ಡೆಬೊರಾ ವೆಬರ್-ವುಲ್ಫ್ ಮತ್ತು ಹಲವು ದೇಶಗಳ ಸಹೋದ್ಯೋಗಿಗಳು 2023ರಲ್ಲಿ 14 ಪತ್ತೆ ಸಾಧನಗಳನ್ನು ಒರೆಗೆ ಹಚ್ಚಿದರು. ಅವರು ಸಿದ್ಧಪಡಿಸಿದ ಬರಹಗಳಲ್ಲಿ ಒಂದು ವರ್ಗ ನಮ್ಮ ವಿದ್ಯಾರ್ಥಿನಿಯ ಪರಿಸ್ಥಿತಿಯೇ: ಮನುಷ್ಯರು ತಮ್ಮ ಭಾಷೆಯಲ್ಲಿ ಬರೆದು, ಯಂತ್ರದಿಂದ ಇಂಗ್ಲಿಷಿಗೆ ತಂದದ್ದು. ನೇರವಾಗಿ ಇಂಗ್ಲಿಷಿನಲ್ಲಿ ಬರೆದ ಮನುಷ್ಯರ ಬರಹವನ್ನು ಗುರುತಿಸುವಲ್ಲಿ ಚೆನ್ನಾಗಿ ನಿಭಾಯಿಸಿದ ಸಾಧನಗಳ ನಿಖರತೆ ಅನುವಾದಿತ ಬರಹಕ್ಕೆ ಬಂದಾಗ ಎದ್ದು ಕಾಣುವಷ್ಟು ಕುಸಿಯಿತು. ಯಂತ್ರ ಬರೆದದ್ದನ್ನು ಕೈಯಾರೆ ತಿದ್ದಿದಾಗ ಅಥವಾ ಪುನರ್ಲೇಖನ ತಂತ್ರಾಂಶಕ್ಕೆ ಹಾಕಿದಾಗ ಇನ್ನೂ ಕೆಳಗೆ ಹೋಯಿತು. ಈ ಸಾಧನಗಳು ನಿಖರವೂ ಅಲ್ಲ, ನಂಬಲರ್ಹವೂ ಅಲ್ಲ ಎಂಬುದು ಅವರ ತೀರ್ಮಾನ. ಅಲ್ಲಿದ್ದ ಭಾಷೆಗಳು ಜರ್ಮನ್, ಜೆಕ್, ಸ್ಪ್ಯಾನಿಷ್‌ನಂಥ ಐರೋಪ್ಯ ಭಾಷೆಗಳು; ಕನ್ನಡ ಇರಲಿಲ್ಲ.

ಅನುವಾದ ಯಂತ್ರ ಇಲ್ಲದೆಯೂ ಇದೇ ತೊಂದರೆ ಬರುತ್ತದೆಂದು ತೋರಿಸಿದ್ದು ಸ್ಟ್ಯಾನ್‌ಫರ್ಡ್ ತಂಡ. ಅದೇ ವರ್ಷ ಅವರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರುಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟು ಪ್ರಬಂಧಗಳಿಗೆ ಎಐ ಎಂಬ ತಪ್ಪು ಹಣೆಪಟ್ಟಿ ಬಿತ್ತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಅವೇ ಡಿಟೆಕ್ಟರುಗಳು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದವು. ಕಾರಣ ಪದಸಂಪತ್ತು. ಕಲಿತ ಇಂಗ್ಲಿಷಿನಲ್ಲಿ ಬರೆಯುವವರು ಖಚಿತವಾಗಿ ಗೊತ್ತಿರುವ ಪದಗಳಿಗೇ ಅಂಟಿಕೊಳ್ಳುತ್ತಾರೆ. ಅವು ಊಹೆಗೆ ಸುಲಭ. ತಮಾಷೆಯೆಂದರೆ, ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದಲೇ ‘ಉತ್ತಮಪಡಿಸಿ’ ಮತ್ತೆ ಕೊಟ್ಟಾಗ ತಪ್ಪು ಗುರುತು ಶೇ 12ರ ಆಸುಪಾಸಿಗೆ ಇಳಿಯಿತು. ಯಂತ್ರ ಮುಟ್ಟದ ಬರಹ ಯಂತ್ರದ್ದಾಯಿತು, ಮುಟ್ಟಿದ್ದು ಮನುಷ್ಯರದ್ದಾಯಿತು.

ಅಂದಿನಿಂದ ಸಾಧನಗಳು ಬದಲಾಗಿವೆ. ಟರ್ನಿಟಿನ್ ಈಗ 300 ಪದಗಳಿಗಿಂತ ಕಡಿಮೆ ಇರುವ ಬರಹಕ್ಕೆ ಎಐ ಅಂಕ ಕೊಡುವುದಿಲ್ಲ. ಶೇ 20ಕ್ಕಿಂತ ಕೆಳಗಿನ ಫಲಿತಾಂಶಕ್ಕೆ ಸಂಖ್ಯೆಯ ಬದಲು ನಕ್ಷತ್ರ ಚಿಹ್ನೆ ಹಾಕುತ್ತದೆ, ಏಕೆಂದರೆ ಆ ಮಟ್ಟದಲ್ಲಿ ತಪ್ಪಾಗುವ ಸಂಭವ ಹೆಚ್ಚು. ಸ್ವತಃ ಓಪನ್‌ಎಐ ತನ್ನ ಡಿಟೆಕ್ಟರನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಮುಚ್ಚಿತು. ಹೀಗಿರುವಾಗ ಪುಟ್ಟ ಸಾರಾಂಶವೊಂದನ್ನು ಉಚಿತ ಜಾಲತಾಣಕ್ಕೆ ಅಂಟಿಸಿ ‘ಶೇ 14 ಎಐ’ ಎಂದು ತೀರ್ಪು ಕೊಡುವುದು ಹುಡುಗಾಟ.

ಹೋಗಿ ಬರುವ ಅನುವಾದ

ಸಂಖ್ಯೆ ಇಳಿಸುವ ಒಳದಾರಿಗಳೂ ಹುಟ್ಟಿಕೊಂಡಿವೆ. ಅವುಗಳಲ್ಲಿ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಿರುಗಿಸಿ, ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತರುವುದು. ಎರಡು ಬಾರಿ ದಾಟಿದ ಪಠ್ಯದಲ್ಲಿ ಪದಸರಣಿ ಒಡೆದಿರುತ್ತದೆ; ಸಾಮ್ಯತೆ ಧುತ್ತೆಂದು ಇಳಿಯುತ್ತದೆ. ಎಐ ಸಂಖ್ಯೆ ಏರಿದರೆ ‘ಹ್ಯೂಮನೈಸರ್’ ಎಂಬ ಇನ್ನೊಂದು ತಂತ್ರಾಂಶ. ಅದು ಅಲ್ಲಲ್ಲಿ ಅಪರೂಪದ ಸಮಾನಾರ್ಥಕ ತುರುಕಿ ಊಹೆಯನ್ನು ಕಷ್ಟವಾಗಿಸುತ್ತದೆ.

ಇದರ ಗಾಯದ ಗುರುತು ಪಾರಿಭಾಷಿಕ ಪದಗಳ ಮೇಲೆ ಉಳಿಯುತ್ತದೆ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೋವ್ ಎಂಬ ಸಂಶೋಧಕರು ಪ್ರಕಟಿತ ವೈಜ್ಞಾನಿಕ ಲೇಖನಗಳಲ್ಲಿ ಇಂಥ ‘ಚಿತ್ರಹಿಂಸೆಗೊಳಗಾದ ನುಡಿಗಟ್ಟು’ಗಳನ್ನು ಪಟ್ಟಿಮಾಡಿದರು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತು, ಬ್ರೆಸ್ಟ್ ಕ್ಯಾನ್ಸರ್ ‘ಬೂಸಮ್ ಪೆರಿಲ್’ ಆಗಿತ್ತು. ತಂತ್ರಾಂಶ ದಾಟಿದ್ದನ್ನು ವಿಷಯ ಬಲ್ಲ ಓದುಗರು ಒಂದೇ ನೋಟದಲ್ಲಿ ಹಿಡಿದರು. ಕೆರೆಯ ಅಧ್ಯಾಯದಲ್ಲೂ ಹಾಗೇ: ಒಂದೇ ತೂಬಿಗೆ ಮೂರು ಪುಟದಲ್ಲಿ ಮೂರು ಇಂಗ್ಲಿಷ್ ಹೆಸರು ಕಂಡರೆ ಏನೋ ನಡೆದಿದೆ ಎಂದೇ ಅರ್ಥ. ಪ್ರಾಮಾಣಿಕ ವಿದ್ಯಾರ್ಥಿ ಎಐ ಸಂಖ್ಯೆಗೆ ಹೆದರಿ ಹ್ಯೂಮನೈಸರ್ ಬಳಸಿದರೆ ಅವರ ಸ್ವಂತ ಬರಹಕ್ಕೂ ಕಳ್ಳಬರಹದ ಇದೇ ಲಕ್ಷಣ ಅಂಟಿಕೊಳ್ಳುತ್ತದೆ.

ಹಾಗಾದರೆ ಮಾಡುವುದೇನು?

ಅನುವಾದ ಯಂತ್ರ ಬಳಸಬಾರದೆಂದಲ್ಲ. ಬಳಸಿದ್ದು ಕಾಣುವಂತೆ ಬಳಸಬೇಕು. ಕನ್ನಡ ಕರಡನ್ನು ತಿದ್ದುಪಡಿಗಳ ಇತಿಹಾಸ ಸಮೇತ ಉಳಿಸಿಕೊಳ್ಳುವುದು ಮೊದಲ ಕೆಲಸ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಹಳೆಯ ಆವೃತ್ತಿಗಳು ದಿನಾಂಕದೊಂದಿಗೆ ಉಳಿಯುತ್ತವೆ; ಕೈಬರಹವಾದರೆ ಫೋಟೊ ಸಾಕು. ಯಂತ್ರದಿಂದ ಬಂದ ಇಂಗ್ಲಿಷನ್ನು ತಿದ್ದುವ ಮೊದಲು ಬೇರೆ ಫೈಲಿನಲ್ಲಿ ಎತ್ತಿಡಬೇಕು. ಆಮೇಲಿನದು ತಿದ್ದುವ ಕೆಲಸ. ಅದು ಒಂದೊಂದು ಪದ ಬದಲಿಸುವುದಲ್ಲ. ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು, ಕಳೆದುಹೋದ ವಿವರವನ್ನು ಮರಳಿ ತರುವುದು, ನುಸುಳಿದ ಮಾತನ್ನು ಕಿತ್ತುಹಾಕುವುದು. ಎಲ್ಲರಿಗಿಂತ ಮೊದಲು ನೀರುಗಂಟಿಯ ಪಾಲು ಅಳೆಯುತ್ತಿದ್ದರೆಂಬುದು ಇಂಗ್ಲಿಷಿಗೆ ಬಂದರೆ ವಾಕ್ಯ ತಾನಾಗಿಯೇ ಅಚ್ಚಿನಿಂದ ಹೊರಬರುತ್ತದೆ. ಎಐ ಸಂಖ್ಯೆ ಇಳಿದೀತು. ಇಳಿಯದಿದ್ದರೂ ಅಧ್ಯಾಯ ಉತ್ತಮವಾಗುತ್ತದೆ.

ಉದ್ಧರಣೆಗಳನ್ನು ಯಂತ್ರಕ್ಕೆ ಕೊಡಲೇಬಾರದು. ಇಂಗ್ಲಿಷ್ ಮೂಲವಿದ್ದರೆ ಮೂಲದಿಂದಲೇ ತೆಗೆಯಬೇಕು. ಕನ್ನಡ ಪುಸ್ತಕಗಳ ಹೆಸರನ್ನು ಅನುವಾದಿಸದೆ ಲಿಪ್ಯಂತರ ಮಾಡಬೇಕು. ಇಲ್ಲದಿದ್ದರೆ ಅಸ್ತಿತ್ವದಲ್ಲೇ ಇರದ ಇಂಗ್ಲಿಷ್ ಪುಸ್ತಕಗಳ ಪಟ್ಟಿ ತಯಾರಾಗುತ್ತದೆ, ಅದು ಎಐ ಕಟ್ಟಿದ ಸುಳ್ಳು ಉಲ್ಲೇಖದಂತೆಯೇ ಕಾಣುತ್ತದೆ. ಕನ್ನಡದಲ್ಲಿ ಈಗಾಗಲೇ ಪ್ರಕಟವಾದ ಲೇಖನದ ಅನುವಾದವಾದರೆ ಹಾಗೆಂದು ಸಂಪಾದಕರಿಗೆ ಮೊದಲೇ ತಿಳಿಸಿ, ಅಡಿಟಿಪ್ಪಣಿಯಲ್ಲೂ ಹೇಳಬೇಕು. ಕೊನೆಗೊಂದು ಘೋಷಣೆ: ‘ಈ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಬರೆದು, ಇಂಥ ತಂತ್ರಾಂಶದ ನೆರವಿನಿಂದ ಇಂಥ ತಿಂಗಳಲ್ಲಿ ಇಂಗ್ಲಿಷಿಗೆ ಅನುವಾದಿಸಿ, ವಾಕ್ಯವಾರು ಪರಿಶೀಲಿಸಿದ್ದೇನೆ. ಕನ್ನಡ ಕರಡು ಪರಿಶೀಲನೆಗೆ ಲಭ್ಯವಿದೆ.’ ವರದಿ ಬಂದಮೇಲೆ ಹೇಳಿದರೆ ಇದು ಸಮಜಾಯಿಷಿ. ಮೊದಲೇ ಬರೆದರೆ ವಿಧಾನದ ವಿವರಣೆ.

ಗೈಡುಗಳಿಗೂ ಸಮಿತಿಗಳಿಗೂ ಉಳಿಯುವ ಕೆಲಸ ಇದಕ್ಕಿಂತ ಕಷ್ಟದ್ದು. ಸಾಮ್ಯತೆ ಕಡಿಮೆ, ಎಐ ಹೆಚ್ಚು ಎಂಬ ವರದಿ ಮೂವರಿಗೆ ಬರಬಹುದು: ಕನ್ನಡದಲ್ಲಿ ತಾವೇ ಬರೆದು ಅನುವಾದಿಸಿದವರಿಗೆ, ಚಾಟ್‌ಬಾಟಿನಿಂದ ಅಧ್ಯಾಯ ಬರೆಸಿದವರಿಗೆ, ಬೇರೆಯವರ ಕನ್ನಡ ಥೀಸಿಸನ್ನು ಯಂತ್ರಕ್ಕೆ ಹಾಕಿ ತೆಗೆದವರಿಗೆ. ವರದಿಯಲ್ಲಿ ಈ ಮೂವರೂ ಒಂದೇ. ಕನ್ನಡ ಕರಡು ತರಿಸಿ, ‘ನೀರುಗಂಟಿಯ ಪಾಲಿನ ಮಾತು ಎಲ್ಲಿ ಸಿಕ್ಕಿತು, ಯಾರು ಹೇಳಿದರು?’ ಎಂದು ಕನ್ನಡದಲ್ಲೇ ಕೇಳಿದರೆ ಮೊದಲನೆಯವರು ಎರಡನೆಯವರಿಂದ ಬೇರ್ಪಡುತ್ತಾರೆ. ಮೂರನೆಯವರ ಬಳಿ ಕನ್ನಡ ಕರಡೂ ಇರಬಹುದು, ಉತ್ತರವೂ ಇರಬಹುದು. ಅವರನ್ನು ಹಿಡಿಯಬಲ್ಲವರು ಆ ವಿಷಯದಲ್ಲಿ ಕನ್ನಡದಲ್ಲಿ ಬಂದ ಪ್ರಬಂಧಗಳನ್ನು ಓದಿಕೊಂಡಿರುವ ಗೈಡು ಮಾತ್ರ. ಕನ್ನಡದಲ್ಲಿ ಓದದೆ ಇಂಗ್ಲಿಷ್ ವರದಿಯ ಶೇಕಡಾವನ್ನಷ್ಟೇ ನೋಡಿ ಸಹಿ ಹಾಕುವ ಕಡೆ, ಸಿಕ್ಕಿಬೀಳುವುದು ಮೊದಲನೆಯವರು, ಪಾರಾಗುವುದು ಮೂರನೆಯವರು.